ಆಸ್ಪತ್ರೆಯಲ್ಲಿದ್ದಾಗ ತಪ್ಪಿದ ಎರಡು ಕಂತು: ದಂಡ ಮನ್ನಾ ಕೇಳುವ ಪತ್ರ ಹೇಗಿರಬೇಕು?

ಬೆಣ್ಣೆನಗರಿ
ನನ್ನ ಗಂಡ ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಖಾಸಗಿ ಹಣಕಾಸು ಕಂಪನಿಯೊಂದರಿಂದ ಸಾಲ ಪಡೆದು ಗಾಡಿ ಕೊಂಡೆವು. ನಾನು ಸಹ ಸಾಲಗಾರ್ತಿ. ಕಂತು ₹11,840. ಪ್ರತಿ ತಿಂಗಳ 5ಕ್ಕೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಮೊದಲ ಆರು ಕಂತುಗಳಲ್ಲಿ ಒಂದೂ ತಡವಾಗಿರಲಿಲ್ಲ.

2025ರ ಜೂನ್ 29ರಂದು ಹರಿಹರದಲ್ಲಿ ಚೀಲ ಇಳಿಸುವಾಗ ಅವರು ಬಿದ್ದು ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದರು. ಜುಲೈ 16ರಂದು ಮನೆಗೆ ಕಳಿಸಿದರು. ಗಾಡಿ ನಿಂತಿತು, ಖಾತೆಯಲ್ಲಿದ್ದ ಹಣ ಆಸ್ಪತ್ರೆಗೆ ಹೋಯಿತು, ಜುಲೈ ಮತ್ತು ಆಗಸ್ಟ್ ಕಂತು ಎರಡೂ ತಪ್ಪಿದವು. ಬಳೆ ಅಡವಿಟ್ಟು ಆಗಸ್ಟ್ 25ರಂದು ಎರಡೂ ಕಂತು ಸೇರಿಸಿ ₹23,680 ಕಟ್ಟಿದೆ. ಈಗ ಕಂಪನಿಯವರು ಇನ್ನೂ ₹4,007 ಬಾಕಿ ಇದೆ ಎನ್ನುತ್ತಾರೆ. ದಂಡ ಮನ್ನಾ ಕೋರಿ ಹೀಗೆ ಬರೆದಿದ್ದೇನೆ:

"ಮಾನ್ಯರೇ, ನಾವು ಬಹಳ ಬಡವರು. ನನ್ನ ಗಂಡ ಆಸ್ಪತ್ರೆಯಲ್ಲಿದ್ದರು. ನಮಗೆ ತುಂಬಾ ಕಷ್ಟವಾಗಿದೆ. ದಯವಿಟ್ಟು ಮಾನವೀಯತೆಯ ದೃಷ್ಟಿಯಿಂದ ಎಲ್ಲ ದಂಡ, ಬಡ್ಡಿ ಮನ್ನಾ ಮಾಡಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ. ಇನ್ನು ಮುಂದೆ ಎಂದೂ ಒಂದು ದಿನವೂ ತಡ ಮಾಡುವುದಿಲ್ಲ."

ಇಷ್ಟು ಸಾಕೇ? ಇಂಗ್ಲಿಷಿನಲ್ಲಿಯೇ ಬರೆಯಬೇಕೇ?

ಕಾನೂನಾಸಕ್ತ
ಅಕ್ಕ, ನೀವು ಬೇಡಿಕೊಳ್ಳುವ ಅಗತ್ಯವೇ ಇಲ್ಲ. ಆಸ್ಪತ್ರೆಗೆ ದಾಖಲಾದವರಿಂದ ದಂಡ ವಸೂಲಿ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. ಆರು ತಿಂಗಳವರೆಗೆ ಕಂತು ಮುಂದೂಡಬಹುದು. ಆ ಆದೇಶದ ಪ್ರತಿ ಲಗತ್ತಿಸಿ, ಅವರೇ ಬಾಯಿ ಮುಚ್ಚುತ್ತಾರೆ.

ಹಳೆಯ ಲೆಡ್ಜರ್
ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಇಂಥ ಅರ್ಜಿಗಳನ್ನು ಮೇಜಿನ ಆಚೆ ಕುಳಿತು ಓದಿದ್ದೇನೆ. ಮೊದಲು ಕಾನೂನಾಸಕ್ತರ ಮಾತಿಗೆ ಉತ್ತರ. ಅವರು ನೆನಪಿಟ್ಟುಕೊಂಡಿರುವುದು ಕೋವಿಡ್ ಕಾಲದ ಕಂತು ಮುಂದೂಡಿಕೆ. ಅದು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳಿಗೆ ಮಾತ್ರ ಇತ್ತು, ಅಲ್ಲಿಗೆ ಮುಗಿಯಿತು. ಆಸ್ಪತ್ರೆ ಸೇರಿದ ಸಾಲಗಾರನ ದಂಡವನ್ನು ಬಿಡಲೇಬೇಕೆಂಬ ನಿಯಮವಿಲ್ಲ. ಇಲ್ಲದ ಆದೇಶವನ್ನು ಪತ್ರದಲ್ಲಿ ಬರೆದರೆ, ಉಳಿದ ನಿಜವಾದ ಅಂಶಗಳನ್ನೂ ಓದುವವನು ನಂಬುವುದಿಲ್ಲ.

ತಂಗಿ, ನಿಮ್ಮ ಕರಡಿನಲ್ಲಿ ದುಃಖ ನಿಜವಾದದ್ದೇ. ಆದರೆ ಅದನ್ನು ಓದಿದ ಅಧಿಕಾರಿಗೆ ಯಾವ ಖಾತೆ, ಯಾವ ಮೊತ್ತ, ಯಾವ ದಿನಾಂಕ ಎಂಬುದು ತಿಳಿಯುವುದಿಲ್ಲ. ಮನ್ನಾ ಮಾಡಬೇಕೆಂದು ಮನಸ್ಸಿದ್ದರೂ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಲು ಅವನಿಗೆ ಏನೂ ಸಿಗುವುದಿಲ್ಲ. 'ಬಡ್ಡಿ ಮನ್ನಾ' ಎಂಬ ಮಾತನ್ನು ತೆಗೆದುಬಿಡಿ. ಬಡ್ಡಿ ಬೇರೆ, ದಂಡ ಬೇರೆ. ಬಡ್ಡಿ ಬಿಡುವ ಅಧಿಕಾರ ಕೆಳಗಿನ ಹಂತದಲ್ಲಿ ಯಾರಿಗೂ ಇರುವುದಿಲ್ಲ, ಅದೊಂದು ಪದಕ್ಕಾಗಿ ಇಡೀ ಅರ್ಜಿ ತಿರಸ್ಕಾರವಾಗಬಹುದು.

ಪತ್ರ ಬರೆಯುವ ಮೊದಲು ಎರಡು ಕಾಗದ ಬೇಕು. ಒಂದು, ಸಾಲ ಖಾತೆಯ ಪೂರ್ಣ ವಿವರಪಟ್ಟಿ. ₹4,007 ಹೇಗೆ ಬಂತು ಎಂಬುದು ಸಾಲು ಸಾಲಾಗಿ ಅದರಲ್ಲಿರುತ್ತದೆ. ಇನ್ನೊಂದು, ಸಾಲ ಕೊಡುವಾಗ ಸಹಿ ಮಾಡಿಸಿಕೊಂಡ ಕೆಎಫ್‌ಎಸ್ ಎಂಬ ಹಾಳೆ. ಯಾವ ಶುಲ್ಕ ಎಷ್ಟು ಎಂದು ಅದರಲ್ಲಿ ಬರೆದಿರಲೇಬೇಕು. ಎರಡನ್ನೂ ಇಟ್ಟುಕೊಂಡು ಮತ್ತೆ ಬನ್ನಿ.

ಹಾವೇರಿ ಹೊಲ
ನನಗೂ ಇದೇ ಆಯಿತು. ಅಪ್ಪನ ಹೃದಯದ ಚಿಕಿತ್ಸೆಗೆಂದು ಹುಬ್ಬಳ್ಳಿಯಲ್ಲಿದ್ದಾಗ ಸೊಸೈಟಿಯ ಬೆಳೆ ಸಾಲದ ಗಡುವು ದಾಟಿತು. ಶೂನ್ಯ ಬಡ್ಡಿ ಸಾಲ ಎಂದು ಕೊಟ್ಟವರು ಈಗ ಬಡ್ಡಿ ಸೇರಿಸಿ ಕೇಳುತ್ತಿದ್ದಾರೆ. ಆಸ್ಪತ್ರೆಯ ಕಾಗದ ತೋರಿಸಿದರೂ ಕಾರ್ಯದರ್ಶಿ ಕೇಳಲಿಲ್ಲ. ಇದೇ ಪತ್ರ ನನಗೂ ನಡೆಯುತ್ತದೆಯೇ?

ಹಳೆಯ ಲೆಡ್ಜರ್
ನಿಮ್ಮದು ಬೇರೆ ಸಂಗತಿ. ಅಲ್ಲಿ ನಿಮಗೆ ಹಾಕಿದ್ದು ದಂಡವಲ್ಲ. ಗಡುವಿನೊಳಗೆ ಕಟ್ಟಿದವರ ಬಡ್ಡಿಯನ್ನು ಸರ್ಕಾರ ತುಂಬುತ್ತದೆ, ಗಡುವು ದಾಟಿದರೆ ಆ ಸಹಾಯಧನ ಸಿಗುವುದಿಲ್ಲ, ಬಡ್ಡಿ ನಿಮ್ಮ ಮೇಲೆ ಬೀಳುತ್ತದೆ. ಕಾರ್ಯದರ್ಶಿಗೆ ಅದನ್ನು ಬಿಡುವ ಅಧಿಕಾರವಿಲ್ಲ. ಅದರ ಮೇಲೆ ಪ್ರತ್ಯೇಕವಾಗಿ ಸುಸ್ತಿ ಬಡ್ಡಿ ಹಾಕಿದ್ದರೆ, ಅದಷ್ಟನ್ನೇ ಹೆಸರಿಸಿ ಸಂಘದ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟು ಸಭೆಯ ಮುಂದೆ ಇಡಲು ಕೇಳಿ.

ಬೆಣ್ಣೆನಗರಿ
ಶಾಖೆಗೆ ಎರಡು ಸಲ ಹೋಗಿ ವಿವರಪಟ್ಟಿ ತಂದೆ. ಕೆಎಫ್‌ಎಸ್ ಮನೆಯ ಕಡತದಲ್ಲಿಯೇ ಇತ್ತು, ಕನ್ನಡದಲ್ಲಿಯೇ ಇದೆ.

ವಿವರಪಟ್ಟಿಯಲ್ಲಿ ಇರುವುದು ಹೀಗೆ. ತಡಪಾವತಿ ದಂಡ ಶುಲ್ಕ ₹1,065.60. ಅದರ ಮೇಲೆ ಶೇ 18 ಜಿಎಸ್‌ಟಿ ₹191.81. ಕಂತು ಕಡಿತ ವಿಫಲವಾದದ್ದಕ್ಕೆ ತಲಾ ₹500ರಂತೆ ನಾಲ್ಕು ಸಲ, ₹2,000. ಜುಲೈ 5 ಮತ್ತು 12, ಆಗಸ್ಟ್ 5 ಮತ್ತು 12, ಹೀಗೆ ತಿಂಗಳಿಗೆ ಎರಡೆರಡು ಬಾರಿ ಪ್ರಯತ್ನಿಸಿದ್ದಾರೆ. ಕೊನೆಗೆ 'ಭೇಟಿ ಶುಲ್ಕ' ₹750. ಒಟ್ಟು ₹4,007.41.

ಕೆಎಫ್‌ಎಸ್‌ನಲ್ಲಿ ದಂಡ ಶುಲ್ಕ "ಬಾಕಿ ಕಂತಿನ ಮೇಲೆ ವರ್ಷಕ್ಕೆ ಶೇ 36, ತಡವಾದ ದಿನಗಳಿಗೆ" ಎಂದಿದೆ. ಕಡಿತ ವಿಫಲವಾದರೆ ₹500 ಎಂದಿದೆ. ಭೇಟಿ ಶುಲ್ಕದ ಸುದ್ದಿಯೇ ಇಲ್ಲ. ಒಬ್ಬ ಹುಡುಗ ಆಗಸ್ಟ್‌ನಲ್ಲಿ ಮನೆಗೆ ಬಂದು ಇವರು ಮಲಗಿದ್ದ ಮಂಚದ ಫೋಟೊ ತೆಗೆದುಕೊಂಡು ಹೋಗಿದ್ದ. ಅದಕ್ಕೆ ₹750 ಎಂದು ತಿಳಿದಾಗ ನನಗೆ ಅಳುವೇ ಬಂತು.

ಹಳೆಯ ಲೆಡ್ಜರ್
ಇದನ್ನು ನೋಡಲೆಂದೇ ಕಾಗದ ತರಿಸಿದ್ದು. ನೀವು ದಂಡ ಎಂದು ಕರೆಯುತ್ತಿರುವ ಈ ₹4,007ರಲ್ಲಿ ಎರಡು ಜಾತಿಯ ಹಣವಿದೆ. ಒಂದು, ಒಪ್ಪಂದದಂತೆ ನಿಮ್ಮಿಂದ ಬರಬೇಕಾದದ್ದು. ಅದನ್ನು ಬಿಡಿ ಎಂದು ಕೇಳಿಕೊಳ್ಳಬೇಕು. ಇನ್ನೊಂದು, ನಿಮ್ಮಿಂದ ಬರಲೇಬಾರದ್ದು. ಅದನ್ನು ತೆಗೆಯಿರಿ ಎಂದು ತೋರಿಸಬೇಕು. ಎರಡನ್ನೂ ಕಲಸಿ 'ಮನ್ನಾ ಮಾಡಿ' ಎಂದರೆ, ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡು ಅದನ್ನೇ ನಿಮಗೆ ಮಾಡಿದ ಉಪಕಾರವೆಂದು ಲೆಕ್ಕ ಹಾಕುತ್ತಾರೆ.

ಮೊದಲು ದಂಡ ಶುಲ್ಕ. ಜುಲೈ ಕಂತು ಆಗಸ್ಟ್ 25ರವರೆಗೆ 51 ದಿನ ತಡ, ಆಗಸ್ಟ್ ಕಂತು 20 ದಿನ ತಡ. ₹11,840ಕ್ಕೆ ವರ್ಷಕ್ಕೆ ಶೇ 36 ಎಂದರೆ ₹4,262.40. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ₹11.68 ಆಗುತ್ತದೆ. 71 ದಿನಕ್ಕೆ ಸುಮಾರು ₹829. ಅವರು ಹಾಕಿದ ₹1,065.60 ಎಲ್ಲಿಂದ ಬಂತು ಎಂದು ಕೂತು ನೋಡಿದೆ. ತಿಂಗಳಿಗೆ ಶೇ 3ರಂತೆ ಜುಲೈ ಕಂತಿಗೆ ಎರಡು ಪೂರ್ತಿ ತಿಂಗಳು, ಆಗಸ್ಟ್ ಕಂತಿಗೆ ಒಂದು ಪೂರ್ತಿ ತಿಂಗಳು ಹಿಡಿದಿದ್ದಾರೆ. ಕೆಎಫ್‌ಎಸ್ ದಿನದ ಲೆಕ್ಕ ಹೇಳುತ್ತದೆ. ಹಾಗಾಗಿ ₹236 ಹೆಚ್ಚು.

ಜಿಎಸ್‌ಟಿ ಪೂರ್ತಿ ತಪ್ಪು. ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ವಿಧಿಸುವ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು 2025ರ ಜನವರಿಯಲ್ಲಿಯೇ ಕೇಂದ್ರದ ಸ್ಪಷ್ಟನೆ ಬಂದಿದೆ. ಭೇಟಿ ಶುಲ್ಕ ನೀವು ಸಹಿ ಮಾಡಿದ ಹಾಳೆಯಲ್ಲಿ ಇಲ್ಲವಾದರೆ ಅದನ್ನು ಕೇಳುವ ಆಧಾರವೇನು ಎಂದು ಅವರೇ ಹೇಳಬೇಕು.

ಇನ್ನು ಉಳಿದ ₹829 ಮತ್ತು ₹2,000 ಒಪ್ಪಂದದ ಹಣ. ಮನ್ನಾ ಕೇಳಬೇಕಾದದ್ದು ಇಲ್ಲಿ.

ಕಾನೂನಾಸಕ್ತ
ಕೋವಿಡ್ ವಿಷಯದಲ್ಲಿ ನನ್ನದು ತಪ್ಪಾಯಿತು, ಒಪ್ಪುತ್ತೇನೆ. ಆದರೆ ದಂಡ ಬಡ್ಡಿಯನ್ನೇ ರಿಸರ್ವ್ ಬ್ಯಾಂಕ್ ರದ್ದು ಮಾಡಿದೆ ಎಂಬುದಂತೂ ಖಂಡಿತ. 2023ರ ಆಗಸ್ಟ್ 18ರ ಸುತ್ತೋಲೆ ನನ್ನ ಬಳಿ ಇದೆ.

ಹಳೆಯ ಲೆಡ್ಜರ್
ಸುತ್ತೋಲೆ ನಿಜ, ಅರ್ಧ ಓದಿದ್ದೀರಿ. ದಂಡವನ್ನು ಬಡ್ಡಿ ದರಕ್ಕೆ ಸೇರಿಸಿ ವಸೂಲಿ ಮಾಡಬಾರದು, ಶುಲ್ಕವಾಗಿ ಪ್ರತ್ಯೇಕ ತೋರಿಸಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ಅದು ಹೇಳುತ್ತದೆ. ಶುಲ್ಕ ತಪ್ಪಿಗೆ ತಕ್ಕಷ್ಟೇ ಇರಬೇಕು ಎಂದೂ ಇದೆ. ದಂಡವೇ ಬೇಡ ಎಂದು ಹೇಳುವುದಿಲ್ಲ. 2024ರ ಏಪ್ರಿಲ್ 1ರ ನಂತರದ ಹೊಸ ಸಾಲಗಳಿಗೆ ಇದು ಅನ್ವಯ, ಹಾಗಾಗಿ ತಂಗಿಯ ಸಾಲಕ್ಕೂ ಅನ್ವಯ.

ನನಗೆ ಇನ್ನೊಂದು ಸಂಶಯವಿದೆ. ಎರಡು ಕಂತಿಗೆ ಸರಿಯಾಗಿ ₹23,680 ಕಟ್ಟಿದಿರಿ. ಬಾಕಿ ₹4,007 ಯಾವ ಹೆಸರಿನಲ್ಲಿ ತೋರಿಸುತ್ತಿದೆ? ಶುಲ್ಕ ಎಂದೋ, ಆಗಸ್ಟ್ ಕಂತು ಎಂದೋ?

ಬೆಣ್ಣೆನಗರಿ
ಆಗಸ್ಟ್ ಕಂತು ಎಂದು! ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಶುಲ್ಕಗಳೆಲ್ಲ 'ಪಾವತಿಯಾಗಿದೆ' ಎಂದಿವೆ, ಆಗಸ್ಟ್ ಕಂತಿನಲ್ಲಿ ₹4,007.41 ಬಾಕಿ ಎಂದಿದೆ.

ಎನ್‌ಎಚ್ 48
ಅಕ್ಕ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನೂ ಗಾಡಿ ಓಡಿಸುವವನು. ನನ್ನ ಹಿಂದಿನ ಸಾಲದಲ್ಲಿ ಹೀಗೆಯೇ ಆಯಿತು. ಜಾಂಡಿಸ್ ಬಂದು ಒಂದು ಕಂತು ತಪ್ಪಿತು. ಆಮೇಲೆ ಪ್ರತಿ ತಿಂಗಳು ಪೂರ್ತಿ ಕಂತು ಕಟ್ಟಿದೆ, ಅವರು ಪ್ರತಿ ತಿಂಗಳೂ ಅದರಿಂದ ಮೊದಲು ಶುಲ್ಕ ಮುರಿದುಕೊಂಡರು, ಕಂತು ಪ್ರತಿ ಸಲವೂ ಸ್ವಲ್ಪ ಕಡಿಮೆ ಬಿತ್ತು, ಅದಕ್ಕೆ ಮತ್ತೆ ದಂಡ. ಶಾಖೆಯವರು ಫೋನಿನಲ್ಲಿ "ಮನ್ನಾ ಮಾಡಿದ್ದೇವೆ, ಚಿಂತೆ ಬೇಡ" ಎಂದಿದ್ದರು. ಕೊನೆಯ ಕಂತು ಕಟ್ಟಿ ನಿರಾಕ್ಷೇಪಣಾ ಪತ್ರ ಕೇಳಲು ಹೋದರೆ ಹಳೆಯ ಶುಲ್ಕದ ಪಟ್ಟಿ ಮುಂದಿಟ್ಟರು. ಆ ಪತ್ರ ಇಲ್ಲದೆ ಆರ್‌ಟಿಒದಲ್ಲಿ ಗಾಡಿಯ ಮೇಲಿನ ಸಾಲದ ನಮೂದು ತೆಗೆಸಲು ಆಗುವುದಿಲ್ಲ. ಗಾಡಿ ಮಾರಬೇಕಿತ್ತು, ಕಟ್ಟಿಬಿಟ್ಟೆ. ಫೋನಿನ ಮಾತಿಗೆ ಬೆಲೆ ಇಲ್ಲ, ಬರೆದು ಕೊಡಲಿ.

ಹಳೆಯ ಲೆಡ್ಜರ್
ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಆಗಸ್ಟ್ ಕಂತು ಪುಸ್ತಕದಲ್ಲಿ ಇನ್ನೂ ತೆರೆದೇ ಇದೆ. ಅದು ಮುಚ್ಚುವವರೆಗೆ ತಡವಾದ ದಿನಗಳ ಎಣಿಕೆ ನಡೆಯುತ್ತಲೇ ಇರುತ್ತದೆ, ಕ್ರೆಡಿಟ್ ವರದಿಗೂ ಹಾಗೆಯೇ ಹೋಗುತ್ತದೆ. ತಡ 90 ದಿನ ದಾಟಿದರೆ ಸಾಲವೇ ಅನುತ್ಪಾದಕ ಎಂದಾಗುತ್ತದೆ. ಅಷ್ಟು ದೂರ ಹೋಗಲು ಬಿಡಬಾರದು. ಆದ್ದರಿಂದ ಪತ್ರದ ಮೊದಲ ಬೇಡಿಕೆ ಮನ್ನಾ ಆಗಿರಬಾರದು. ಆಗಸ್ಟ್ 25ರ ಹಣವನ್ನು ಎರಡು ಕಂತಿಗೆ ಜಮಾ ಮಾಡಿ, ಶುಲ್ಕಗಳನ್ನು ಬೇರೆಯಾಗಿ ತೋರಿಸಿ ಎಂಬುದು ಮೊದಲು ಬರಬೇಕು.

ಕಾನೂನಾಸಕ್ತ
1872ರ ಕರಾರು ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ಹಣ ಕಟ್ಟುವವನು ಯಾವ ಬಾಕಿಗೆ ಎಂದು ಹೇಳಿ ಕಟ್ಟಿದರೆ ಅದಕ್ಕೇ ಜಮಾ ಮಾಡಬೇಕು.

ಹಳೆಯ ಲೆಡ್ಜರ್
ಆ ಸೆಕ್ಷನ್ ಪ್ರತ್ಯೇಕ ಪ್ರತ್ಯೇಕ ಸಾಲಗಳ ಬಗ್ಗೆ ಇರುವುದು. ಒಂದೇ ಸಾಲದ ಕಂತು ಮತ್ತು ಶುಲ್ಕಕ್ಕೆ ಅದು ಹೊಂದುತ್ತದೆಯೇ ಎಂಬುದು ವಾದದ ವಿಷಯ. ಮೊದಲು ಶುಲ್ಕಕ್ಕೆ ಜಮಾ ಎಂದು ಸಾಲ ಒಪ್ಪಂದದಲ್ಲಿಯೇ ಬರೆದುಕೊಂಡಿರಲೂಬಹುದು. ಆ ಕಲಮನ್ನು ಓದದೆ ಸೆಕ್ಷನ್ ಎತ್ತುವುದು ಬೇಡ. ತಂಗಿ, ಆಗಸ್ಟ್ 25ರಂದು ಕಟ್ಟುವಾಗ ರಸೀದಿಯಲ್ಲಿ ಏನೆಂದು ಬರೆದಿದ್ದಾರೆ?

ಬೆಣ್ಣೆನಗರಿ
"ಜುಲೈ, ಆಗಸ್ಟ್ ಕಂತು" ಎಂದು ಬರೆದು ಮೊಹರು ಹಾಕಿದ್ದಾರೆ. ಒಪ್ಪಂದದ ಪೂರ್ತಿ ಪ್ರತಿ ನಮ್ಮ ಬಳಿ ಇಲ್ಲ, ಕೇಳಿದ್ದೇನೆ.

ಹಳೆಯ ಲೆಡ್ಜರ್
ಆ ರಸೀದಿಯೇ ನಿಮ್ಮ ಬಲ. ಕಾಯ್ದೆಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ತುಂಗಾತೀರ
ನಾನು ಶಿವಮೊಗ್ಗದ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿದ್ದೇನೆ. ಸಾಲದವರಿಗೆ ಕೊಡಬೇಕೆಂದು ಜನ ಇಡೀ ಕಡತವನ್ನೇ ನಕಲು ಮಾಡಿಸಿಕೊಂಡು ಹೋಗುತ್ತಾರೆ. ರಕ್ತ ಪರೀಕ್ಷೆ, ಎಕ್ಸ್-ರೇ, ಔಷಧಿ ಚೀಟಿ ಯಾವುದೂ ಅವರಿಗೆ ಬೇಡ, ಕೊಡಲೂ ಬಾರದು. ದಾಖಲಾದ ದಿನ, ಬಿಡುಗಡೆಯಾದ ದಿನ ಮತ್ತು ಎಷ್ಟು ವಾರ ಕಾಲೂರಬಾರದು ಎಂಬ ಸಲಹೆ ಇರುವ ಬಿಡುಗಡೆ ಸಾರಾಂಶದ ಪುಟಗಳು ಸಾಕು. ನಿಮ್ಮ ವಿಷಯದಲ್ಲಿ ಕೊನೆಯದು ಬಹಳ ಮುಖ್ಯ. ಜುಲೈ 16ಕ್ಕೆ ಮನೆಗೆ ಬಂದವರು ಆಗಸ್ಟ್ 5ರ ಕಂತನ್ನು ಏಕೆ ಕಟ್ಟಲಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಸಾರಾಂಶದಲ್ಲಿ ವಿಶ್ರಾಂತಿಯ ಅವಧಿ ಬರೆದಿಲ್ಲದಿದ್ದರೆ ಮರುಭೇಟಿಗೆ ಹೋದಾಗ ವೈದ್ಯರಿಂದ ಒಂದು ಪ್ರಮಾಣಪತ್ರ ಬರೆಸಿಕೊಳ್ಳಿ.

ಬೆಣ್ಣೆನಗರಿ
ಸಾರಾಂಶದಲ್ಲಿಯೇ ಇದೆ, "ಎಂಟು ವಾರ ಕಾಲಿನ ಮೇಲೆ ಭಾರ ಹಾಕಬಾರದು" ಎಂದು. ಇನ್ನೊಂದು ಹೇಳಲು ಮರೆತೆ. ಜುಲೈ 7ರಂದು ನಾನು ಆಸ್ಪತ್ರೆಯ ವರಾಂಡದಿಂದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದೆ. ದೂರು ಸಂಖ್ಯೆಯ ಸಂದೇಶ ಮೊಬೈಲಿನಲ್ಲಿದೆ.

ಹಳೆಯ ಲೆಡ್ಜರ್
ಅದು ಚಿನ್ನದಂಥ ಸಾಕ್ಷಿ. ಜುಲೈ 7ಕ್ಕೇ ನೀವು ಹೇಳಿದ ಮೇಲೂ 12ಕ್ಕೆ ಮತ್ತೆ ಕಡಿತಕ್ಕೆ ಕಳಿಸಿ ₹500 ಹಾಕಿದ್ದಾರೆ, ಆಗಸ್ಟ್‌ನಲ್ಲಿಯೂ ಹಾಗೆಯೇ ಮಾಡಿದ್ದಾರೆ. ಮೊದಲ ಪ್ರಯತ್ನಗಳ ₹1,000 ಒಪ್ಪಿಕೊಳ್ಳಿ, ಎರಡನೇ ಪ್ರಯತ್ನಗಳ ₹1,000 ಮತ್ತು ದಂಡ ₹829 ಬಿಡಲು ಕೇಳಿ. ಸ್ವಲ್ಪ ತಾನೂ ಹೊರುತ್ತೇನೆ ಎನ್ನುವ ಅರ್ಜಿಗೆ ಅನುಮೋದನೆ ಬರೆಯುವುದು ಸುಲಭ.

ಎನ್‌ಎಚ್ 48
ಇದನ್ನು ನಾನು ಒಪ್ಪುವುದಿಲ್ಲ ಸರ್. ಪೂರ್ತಿ ಕೇಳಿದರೆ ಅರ್ಧ ಬಿಡುತ್ತಾರೆ, ಅರ್ಧ ಕೇಳಿದರೆ ಕಾಲು ಬಿಡುತ್ತಾರೆ. ಅಕ್ಕ ₹2,829 ಪೂರ್ತಿ ಕೇಳಲಿ.

ಹಳೆಯ ಲೆಡ್ಜರ್
ನಿಮ್ಮ ಅನುಭವವೂ ಸುಳ್ಳಲ್ಲ. ತಂಗಿಯೇ ತೀರ್ಮಾನಿಸಲಿ. ನಾಲ್ಕು ಬಾರಿ ಕಡಿತ ವಿಫಲವಾದದ್ದಕ್ಕೆ ನಿಮ್ಮ ಉಳಿತಾಯ ಖಾತೆಯ ಬ್ಯಾಂಕೂ ಬೇರೆಯಾಗಿ ಶುಲ್ಕ ಮುರಿದಿರುತ್ತದೆ. ಅದಕ್ಕೆ ಆ ಬ್ಯಾಂಕಿನ ಶಾಖೆಗೇ ಇನ್ನೊಂದು ಸಣ್ಣ ಪತ್ರ ಕೊಡಿ, ಇದರಲ್ಲಿ ಸೇರಿಸಬೇಡಿ. 'ಎಂದೂ ತಡ ಮಾಡುವುದಿಲ್ಲ' ಎಂಬ ವಾಗ್ದಾನವನ್ನೂ ತೆಗೆಯಿರಿ. ಅವರು ಸಾಲದ ಮರುರಚನೆ ಮಾಡಿಕೊಡುತ್ತೇವೆ ಎಂದರೆ ಈ ಮೊತ್ತಕ್ಕಾಗಿ ಒಪ್ಪಬೇಡಿ, ಅದು ಕ್ರೆಡಿಟ್ ವರದಿಯಲ್ಲಿ ನಮೂದಾಗುತ್ತದೆ.

ಭಾಷೆ ಕನ್ನಡವೇ ಇರಲಿ. ಆದರೆ ತೀರ್ಮಾನ ಬೇರೆ ರಾಜ್ಯದ ಮುಖ್ಯ ಕಚೇರಿಯಲ್ಲಿ ಆಗುವುದಾದರೆ ಅಲ್ಲಿ ಓದುವವರು ಇರುವುದಿಲ್ಲ. ಯಾರಿಂದಲಾದರೂ ಒಂದು ಇಂಗ್ಲಿಷ್ ಪ್ರತಿ ಬರೆಸಿ ಜೊತೆಗಿಡಿ.

ಬೆಣ್ಣೆನಗರಿ
ಎರಡು ದಿನ ಕುಳಿತು ಹೀಗೆ ಬರೆದೆ. ನೋಡಿ ಹೇಳಿ.

"ಗೆ: ಶಾಖಾ ವ್ಯವಸ್ಥಾಪಕರು. ಪ್ರತಿ: ಕುಂದುಕೊರತೆ ನಿವಾರಣಾಧಿಕಾರಿ.

ವಿಷಯ: ಸಾಲ ಖಾತೆ ಸಂಖ್ಯೆ ……, ಪಾವತಿಯ ಜಮಾ ಮತ್ತು ಶುಲ್ಕ ಸರಿಪಡಿಸುವುದು ಹಾಗೂ ತಡಪಾವತಿ ದಂಡದ ಮನ್ನಾ ಕೋರಿಕೆ.

ಮಾನ್ಯರೇ,

ಮೇಲಿನ ಸಾಲದ ಸಾಲಗಾರರಾದ ನಾನು 29-06-2025ರಿಂದ 16-07-2025ರವರೆಗೆ ತೊಡೆಯ ಮೂಳೆ ಮುರಿತದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದೆ. ಅನಂತರ ಎಂಟು ವಾರ ಕಾಲೂರದಂತೆ ವೈದ್ಯರು ಸೂಚಿಸಿದ್ದಾರೆ. ಕುಟುಂಬದ ಆದಾಯ ಈ ಸಾಲದಿಂದ ಕೊಂಡ ವಾಹನದ ಬಾಡಿಗೆಯಷ್ಟೇ. ಸಹ ಸಾಲಗಾರರಾದ ನನ್ನ ಪತ್ನಿಗೆ ಬೇರೆ ಆದಾಯವಿಲ್ಲ. ಹೀಗಾಗಿ ಜುಲೈ ಮತ್ತು ಆಗಸ್ಟ್ ಕಂತುಗಳು ತಪ್ಪಿದವು. ಅದಕ್ಕೆ ಮುಂಚಿನ ಆರು ಕಂತುಗಳು ಗಡುವಿನ ದಿನವೇ ಪಾವತಿಯಾಗಿವೆ. 07-07-2025ರಂದು ಸಹಾಯವಾಣಿಗೆ ವಿಷಯ ತಿಳಿಸಿದ್ದೇವೆ, ದೂರು ಸಂಖ್ಯೆ …….

25-08-2025ರಂದು ಎರಡು ಕಂತುಗಳಿಗೆಂದು ₹23,680 ಪಾವತಿಸಿದ್ದೇವೆ. ತಮ್ಮ ರಸೀದಿಯಲ್ಲಿಯೂ ಹಾಗೆಯೇ ಇದೆ. ಆದರೆ ಇದರಿಂದ ₹4,007.41 ಶುಲ್ಕಗಳಿಗೆ ಜಮಾ ಆಗಿ ಆಗಸ್ಟ್ ಕಂತು ಅಷ್ಟು ಬಾಕಿ ಉಳಿದಿದೆ. ಪೂರ್ತಿ ಮೊತ್ತವನ್ನು 25-08-2025ರ ದಿನಾಂಕಕ್ಕೇ ಕಂತುಗಳಿಗೆ ಜಮಾ ಮಾಡಿ, ಶುಲ್ಕಗಳನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ಕೋರುತ್ತೇವೆ.

ಕೆಎಫ್‌ಎಸ್ ಪ್ರಕಾರ ದಂಡ ಶುಲ್ಕ ದಿನದ ಲೆಕ್ಕದಲ್ಲಿ 71 ದಿನಕ್ಕೆ ₹829 ಆಗುತ್ತದೆ, ₹1,065.60 ಅಲ್ಲ. ದಂಡ ಶುಲ್ಕದ ಮೇಲಿನ ಜಿಎಸ್‌ಟಿ ₹191.81 ಮತ್ತು ಕೆಎಫ್‌ಎಸ್‌ನಲ್ಲಿ ಇಲ್ಲದ ಭೇಟಿ ಶುಲ್ಕ ₹750 ತೆಗೆದುಹಾಕಬೇಕು.

ಉಳಿದ ಶುಲ್ಕಗಳಲ್ಲಿ ದಂಡ ₹829 ಮತ್ತು ನಾವು ತಿಳಿಸಿದ ನಂತರವೂ ಎರಡನೇ ಬಾರಿ ಕಡಿತಕ್ಕೆ ಕಳಿಸಿದ್ದರ ₹1,000, ಒಟ್ಟು ₹1,829ನ್ನು ಮೇಲಿನ ಕಾರಣಗಳಿಗಾಗಿ ಮನ್ನಾ ಮಾಡಬೇಕೆಂದು ವಿನಂತಿಸುತ್ತೇವೆ. ಉಳಿದ ₹1,000 ಪಾವತಿಸಲು ಸಿದ್ಧರಿದ್ದೇವೆ. ತೀರ್ಮಾನವನ್ನು ಲಿಖಿತವಾಗಿ, ತಿದ್ದಿದ ವಿವರಪಟ್ಟಿಯೊಂದಿಗೆ ತಿಳಿಸಬೇಕಾಗಿ ಕೋರಿಕೆ.

ಲಗತ್ತು: ಬಿಡುಗಡೆ ಸಾರಾಂಶದ ಪುಟಗಳು, 25-08-2025ರ ರಸೀದಿ, ವಿವರಪಟ್ಟಿ, ಕೆಎಫ್‌ಎಸ್, ಸಹಾಯವಾಣಿಯ ಸಂದೇಶ."

ಇಬ್ಬರೂ ಸಹಿ ಮಾಡಿದ್ದೇವೆ.

ಹಳೆಯ ಲೆಡ್ಜರ್
ಒಂದಕ್ಷರವನ್ನೂ ಬದಲಿಸಬೇಡಿ. ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಕುಂದುಕೊರತೆ ಅಧಿಕಾರಿಗೆ ಇಮೇಲ್ ಕೂಡ ಕಳಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ತಪ್ಪು ಲೆಕ್ಕ, ಜಿಎಸ್‌ಟಿ, ಭೇಟಿ ಶುಲ್ಕದ ಮಾತು ಎತ್ತಿ. ಮನ್ನಾ ಮಾಡುವುದು ಬಿಡುವುದು ಕಂಪನಿಯ ವ್ಯವಹಾರದ ತೀರ್ಮಾನ, ಅದರಲ್ಲಿ ಅವರು ಕೈಹಾಕುವುದಿಲ್ಲ.

ಹಾವೇರಿ ಹೊಲ
ನಮ್ಮ ಸಂಘದ ಪಟ್ಟಿ ತೆಗೆಸಿದೆ. ಸುಸ್ತಿ ಬಡ್ಡಿ ಬೇರೆ ಸಾಲಿನಲ್ಲಿಯೇ ಇದೆ. ಅದಷ್ಟಕ್ಕೇ ಅರ್ಜಿ ಕೊಟ್ಟಿದ್ದೇನೆ, ಮುಂದಿನ ಸಭೆಗೆ ಇಡುತ್ತಾರಂತೆ.

ಬೆಣ್ಣೆನಗರಿ
ಹದಿನೆಂಟನೇ ದಿನ ಇಮೇಲ್ ಬಂತು. ಜಿಎಸ್‌ಟಿ ಮತ್ತು ಭೇಟಿ ಶುಲ್ಕ ತೆಗೆದಿದ್ದಾರೆ. ದಂಡವನ್ನು ಮೊದಲು ₹829ಕ್ಕೆ ಇಳಿಸಿ, ಅದನ್ನು ಪೂರ್ತಿ ಮನ್ನಾ ಮಾಡಿದ್ದಾರೆ. ಕಡಿತ ವಿಫಲವಾದ ಶುಲ್ಕದಲ್ಲಿ ಒಂದು ರೂಪಾಯಿಯನ್ನೂ ಬಿಟ್ಟಿಲ್ಲ. ಹೀಗೆ ₹4,007 ಇದ್ದದ್ದು ₹2,000 ಆಯಿತು. ಆ ₹2,000ವನ್ನು ಕಟ್ಟಿ ಆಗಸ್ಟ್ ಕಂತು ಮುಚ್ಚಿಸಿದೆ, ರಸೀದಿ ಇದೆ.

ಆದರೆ ಜಮಾ ದಿನಾಂಕವನ್ನು ಆಗಸ್ಟ್ 25ಕ್ಕೆ ಹಿಂದಿಡುವ ಬಗ್ಗೆ ಇಮೇಲಿನಲ್ಲಿ ಒಂದು ಮಾತೂ ಇಲ್ಲ. ಕ್ರೆಡಿಟ್ ವರದಿಯಲ್ಲಿ ಆಗಸ್ಟ್ ನಂತರವೂ ಬಾಕಿ ಎಂದೇ ತೋರಿಸುತ್ತಿದೆ. ಇದಕ್ಕೆ ಏನು ಮಾಡಲಿ?

ಹಳೆಯ ಲೆಡ್ಜರ್
ಜುಲೈ 5ರಿಂದ ಆಗಸ್ಟ್ 25ರವರೆಗಿನ ತಡ ನಿಜವಾಗಿ ನಡೆದದ್ದು. ದಂಡ ಮನ್ನಾ ಆದರೂ ಆ ನಮೂದು ಅಳಿಯುವುದಿಲ್ಲ. ಆಗಸ್ಟ್ 25ರ ನಂತರದ ದಿನಗಳದ್ದು ಮಾತ್ರ ಪ್ರಶ್ನಿಸಬಹುದು. ಅದರಲ್ಲಿಯೂ ಜಿಎಸ್‌ಟಿ, ಭೇಟಿ ಶುಲ್ಕಗಳನ್ನು ತಪ್ಪೆಂದು ಅವರೇ ತೆಗೆದಿದ್ದಾರೆ, ಆದರೆ ₹2,000 ಉಳಿದೇ ಇತ್ತು. ಹಾಗಾಗಿ ಒಪ್ಪಂದದ ಜಮಾ ಕಲಮು ಏನು ಹೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಪ್ಪಂದದ ಪ್ರತಿ ಕೈಗೆ ಬಂತೇ?

ಬೆಣ್ಣೆನಗರಿ
ಇಲ್ಲ. ಸೋಮವಾರ ಮತ್ತೆ ಶಾಖೆಗೆ ಹೋಗುತ್ತೇನೆ. ಈ ಸಲ ಇವರೂ ಊರುಗೋಲು ಹಿಡಿದು ಜೊತೆಗೆ ಬರುತ್ತಾರಂತೆ.